ಅಡುಗೆಮನೆಯ ಜಿರಳೆ: ಮೊದಲು ಜಾತಿ ಗುರುತಿಸಿ, ಆಮೇಲೆ ಮದ್ದು ಇಡಿ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಜಿರಳೆಗಳು ಕಾಟ ಕೊಡುತ್ತವೆ. ಎರಡಕ್ಕೂ ಒಂದೇ ಸ್ಪ್ರೇ ಹೊಡೆಯುವುದು ನಮ್ಮ ರೂಢಿ. ಆದರೆ ಒಂದು ಚರಂಡಿಯಿಂದ ಒಳಗೆ ನುಗ್ಗುವಂಥದ್ದು, ಇನ್ನೊಂದು ಅಡುಗೆಮನೆಯಲ್ಲೇ ಹುಟ್ಟಿ ಅಲ್ಲೇ ಸಂಸಾರ ಮಾಡುವಂಥದ್ದು. ಮೊದಲನೆಯದಕ್ಕೆ ದಾರಿ ಮುಚ್ಚಬೇಕು. ಎರಡನೆಯದಕ್ಕೆ ನೀರು, ಆಹಾರ ಸಿಗದ ಹಾಗೆ ಮಾಡಿ, ಅದು ಅಡಗಿರುವ ಸಂದಿಗೇ ಮದ್ದನ್ನು ಒಯ್ದು ಇಡಬೇಕು. ಈ ವ್ಯತ್ಯಾಸ ತಿಳಿಯದೆ ಎಷ್ಟು ಬಾಟ್ಲಿ ಖಾಲಿ ಮಾಡಿದರೂ ಮುಂದಿನ ತಿಂಗಳು ಮತ್ತೆ ಅದೇ ಪಾಡು.

ಸ್ವಚ್ಛತೆ, ದಾರಿ ಮುಚ್ಚುವುದು, ಬೇಕಾದಲ್ಲಿ ಮಾತ್ರ ಮದ್ದು ಎನ್ನುವ ಈ ಮೂರನ್ನು ಒಟ್ಟಿಗೆ ಮಾಡುವುದಕ್ಕೆ ಸಮಗ್ರ ಕೀಟ ನಿರ್ವಹಣೆ ಎನ್ನುತ್ತಾರೆ. ಇದು ಹೊಲಗದ್ದೆಯಿಂದ ಬಂದ ಪದ್ಧತಿ. 1959ರಲ್ಲಿ ಕ್ಯಾಲಿಫೋರ್ನಿಯಾದ ಕೀಟತಜ್ಞರು ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಹುಳ ಕಂಡ ಕೂಡಲೇ ಮದ್ದು ಹೊಡೆಯಬೇಡಿ, ಮೊದಲು ಎಣಿಸಿ, ಎಣಿಕೆ ಒಂದು ಮಿತಿ ದಾಟಿದ ಮೇಲೆ ಹೊಡೆಯಿರಿ ಎಂಬುದು ಅದರ ತಿರುಳು. ಮನೆಗೂ ಅದನ್ನೇ ತರಬಹುದು, ಮಿತಿ ಮಾತ್ರ ಬೇರೆ. ಮಳೆಗಾಲದಲ್ಲಿ ಬಚ್ಚಲಿಗೆ ಒಂದು ದೊಡ್ಡ ಜಿರಳೆ ಬಂದರೆ ಮದ್ದಿನ ಅಗತ್ಯವೇ ಇಲ್ಲ. ಸಣ್ಣ ಜಾತಿಯ ಒಂದೇ ಒಂದು ಮರಿ ಕಂಡರೂ ಅಂದೇ ಕೆಲಸ ಶುರು ಮಾಡಬೇಕು.

ಯಾವುದು ಬಂದಿದೆ ನೋಡಿ

ದೊಡ್ಡದು ಅಮೆರಿಕನ್ ಜಿರಳೆ. ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್ ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ, ತಲೆಯ ಹಿಂದಿನ ಕವಚದ ಸುತ್ತ ಹಳದಿ ಅಂಚು. ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್, ಬಚ್ಚಲ ಕೊಳವೆ, ಹಿತ್ತಿಲಿನ ಗೆರಟೆ ರಾಶಿ, ಇವೇ ಅದರ ಮನೆ. ಜೂನ್‌ನಲ್ಲಿ ಮಳೆ ಹಿಡಿದು ಚರಂಡಿ ತುಂಬಿದಾಗ ಒಣ ಜಾಗ ಹುಡುಕಿಕೊಂಡು ಮೇಲೆ ಬರುತ್ತದೆ.

ಸಣ್ಣದು ಜರ್ಮನ್ ಜಿರಳೆ. ಪೂರ್ತಿ ಬೆಳೆದರೂ ಒಂದೂವರೆ ಸೆಂಟಿಮೀಟರ್ ಆಸುಪಾಸು. ತಿಳಿ ಕಂದು ಬಣ್ಣ, ತಲೆಯ ಹಿಂದೆ ಉದ್ದಕ್ಕೆ ಎರಡು ಕಪ್ಪು ಗೆರೆ. ರೆಕ್ಕೆ ಇದ್ದರೂ ಹಾರುವುದಿಲ್ಲ, ಓಡುತ್ತದೆ. ದೊಡ್ಡ ಜಾತಿಯ ಮರಿಗಳನ್ನು ಕಂಡು ಇದೇ ಎಂದುಕೊಳ್ಳುವವರು ಬಹಳ. ಹಾಗಾಗಿ ಗಾತ್ರಕ್ಕಿಂತ ಗೆರೆಯನ್ನು ನೋಡಿ. ದೊಡ್ಡದರ ಮರಿ ಮೈಯೆಲ್ಲ ಒಂದೇ ಕಂದು ಬಣ್ಣ. ಜರ್ಮನ್ ಜಿರಳೆಯ ಮರಿ ಕಪ್ಪಾಗಿದ್ದು ಬೆನ್ನ ನಡುವೆ ತಿಳಿ ಪಟ್ಟೆ ಇರುತ್ತದೆ.

ಸಣ್ಣದಕ್ಕೆ ಹೆಚ್ಚು ಹೆದರಬೇಕಾದ್ದು ಅದು ಸಂತಾನ ಬೆಳೆಸುವ ಬಗೆಯಿಂದ. ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳಿರುವ ಕೋಶವನ್ನು ಮೈಯ ಹಿಂತುದಿಯಲ್ಲಿ ಕಚ್ಚಿಕೊಂಡು, ಮರಿ ಒಡೆಯುವ ಹೊತ್ತಿನವರೆಗೆ ಹೊತ್ತು ತಿರುಗುತ್ತದೆ. ಅಷ್ಟು ದಿನ ಅದು ಹೆಚ್ಚಾಗಿ ಹೊರಗೆ ಬರುವುದೂ ಇಲ್ಲ, ತಿನ್ನುವುದೂ ಕಡಿಮೆ. ಮರಿ ಹೊರಬರಲು ಸುಮಾರು ನಾಲ್ಕು ವಾರ, ಅದು ದೊಡ್ಡದಾಗಲು ನಮ್ಮ ಸೆಕೆಯಲ್ಲಿ ಎರಡು ತಿಂಗಳೂ ಬೇಡ. ಕೋಶದೊಳಗಿನ ಮೊಟ್ಟೆಗೆ ಮದ್ದು ತಾಗುವುದಿಲ್ಲ. ಒಂದೇ ಸಲ ಮದ್ದಿಟ್ಟು ಕೈತೊಳೆದುಕೊಂಡರೆ ಸೋಲುವುದು ಇಲ್ಲಿಯೇ.

ಮುಂದಿನ ಹಂತಗಳನ್ನು ಒಂದು ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಉಡುಪಿಯ ಕುಂಜಿಬೆಟ್ಟು ಕಡೆ ನನ್ನ ದೊಡ್ಡಮ್ಮ ಇರುವ ಬಾಡಿಗೆ ಮನೆ ಅದು. ಚಾವಡಿ, ಒಂದು ಕೋಣೆ, ಇಕ್ಕಟ್ಟಾದ ಅಡುಗೆಮನೆ, ಅದಕ್ಕೆ ತಾಗಿಯೇ ಬಚ್ಚಲು. ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ.

"ಒಂದು ಸ್ಪ್ರೇ ತಂದು ಹೊಡೆದರೆ ಮುಗೀತಲ್ಲ ಮಗಾ" ಎಂದರು ದೊಡ್ಡಮ್ಮ.

"ಈಗ ಹೊಡೀತಾ ಇಲ್ವಾ ನೀವು?"

"ಹೊಡೀತೇನೆ. ತಿಂಗಳಿಗೊಂದು ಬಾಟ್ಲಿ ಖಾಲಿ ಆಗ್ತದೆ."

"ಮತ್ತೆ ಜಿರಳೆ?"

"ಅದು ಉಂಟಲ್ಲ, ಈಗ ಚಾವಡಿಗೂ ಬರ್ಲಿಕ್ಕೆ ಶುರುವಾಗಿದೆ."

ಚಾವಡಿಗೆ ಬಂದದ್ದಕ್ಕೆ ಆ ಸ್ಪ್ರೇಯೇ ಕಾರಣ ಇರಬಹುದು. ಡಬ್ಬಿ ಸ್ಪ್ರೇಗಳಲ್ಲಿ, ಗೆರೆ ಎಳೆಯುವ ಚಾಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪಿನ ಮದ್ದು. ಅದು ತಾಗಿದ ಜಿರಳೆ ಸಾಯಬಹುದು, ಆದರೆ ತಾಗದವು ಅದರ ಅಂಶ ಇರುವ ಜಾಗ ಬಿಟ್ಟು ಚದುರುತ್ತವೆ. ಒಲೆಯ ಹಿಂದೆ ಒಂದೇ ಕಡೆ ಗುಂಪಾಗಿದ್ದದ್ದು ಮಂಚದ ಸಂದಿಗೆ, ಟಿವಿ ಹಿಂಬದಿಗೆ ಹಂಚಿಹೋಗುತ್ತದೆ. ಅಷ್ಟೇ ಅಲ್ಲ, ಜರ್ಮನ್ ಜಿರಳೆ ಈ ಗುಂಪಿನ ಮದ್ದಿಗೆ ಜಗ್ಗದ ಹಾಗೆ ಆಗಿರುವುದು ಎಷ್ಟೋ ದೇಶಗಳಲ್ಲಿ ಕಂಡುಬಂದಿದೆ. ಹಾಗಾಗಿ ಮೊದಲ ಕೆಲಸ ಸ್ಪ್ರೇ ನಿಲ್ಲಿಸುವುದು. ಇತ್ತೀಚೆಗೆ ಹೊಡೆದಿದ್ದರೆ ಆ ಜಾಗಗಳನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ಒರೆಸಿ. ಅದರ ವಾಸನೆ ಉಳಿದರೆ, ಜಿರಳೆ ತಿನ್ನಲೆಂದು ಮುಂದೆ ಇಡುವ ಜೆಲ್ ಮದ್ದಿನ ಹತ್ತಿರ ಅದು ಸುಳಿಯುವುದಿಲ್ಲ.

ಹಂತ 1: ಎಲ್ಲಿದೆ ಎಂದು ಎಣಿಸಿ ತಿಳಿಯಿರಿ

ಊಟ ಮುಗಿದು ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು, ಟಾರ್ಚ್ ಹಿಡಿದು ಅಡುಗೆಮನೆಗೆ ಹೋಗಿ. ಓಡುವ ಜಿರಳೆಯನ್ನು ಹೊಡೆಯಲು ಹೋಗಬೇಡಿ, ಅದು ಎಲ್ಲಿ ನುಗ್ಗುತ್ತದೆ ಎಂದು ನೋಡಿ. ಜರ್ಮನ್ ಜಿರಳೆ ತನ್ನ ಗೂಡಿನಿಂದ ಬಹಳ ದೂರ ಹೋಗುವುದಿಲ್ಲ. ಬೆನ್ನಿಗೂ ಹೊಟ್ಟೆಗೂ ಎರಡು ಕಡೆ ತಾಗುವಂಥ ಬಿಗಿ ಸಂದಿಯೇ ಅದಕ್ಕೆ ಇಷ್ಟ. ದೊಡ್ಡದಕ್ಕೆ ಐದು ಮಿಲಿಮೀಟರ್ ಸಾಕು, ಮರಿಗೆ ಎರಡು ಮಿಲಿಮೀಟರ್ ಕೂಡ ಬೇಡ.

ಆಮೇಲೆ ಗ್ಲೂ ಟ್ರ್ಯಾಪ್. ಹಾರ್ಡ್‌ವೇರ್ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಅಂಟಿನ ಹಲಗೆ ಇದು. ಜಿರಳೆ ಗೋಡೆಯ ಬುಡ ಹಿಡಿದೇ ಓಡುವುದರಿಂದ ಟ್ರ್ಯಾಪ್‌ನ ಅಂಚು ಗೋಡೆಗೆ ತಾಗಿರಬೇಕು. ನೆಲದ ನಡುವೆ ಇಟ್ಟರೆ ಬರೀ ಧೂಳು ಹಿಡಿಯುತ್ತದೆ. ಪ್ರತಿಯೊಂದಕ್ಕೂ ಪೆನ್ನಿನಲ್ಲಿ ಜಾಗ, ತಾರೀಕು ಬರೆಯಿರಿ. ಮೂರು ರಾತ್ರಿ ಕಳೆದ ಮೇಲೆ ಎಣಿಸಿ, ಬೆಳೆದವು ಎಷ್ಟು, ಮರಿ ಎಷ್ಟು ಎಂದು ಬೇರೆಬೇರೆ ಬರೆದಿಡಿ. ಟ್ರ್ಯಾಪ್ ಇರುವುದು ಜಿರಳೆ ಮುಗಿಸುವುದಕ್ಕಲ್ಲ, ಅದರ ಗೂಡು ಎಲ್ಲಿದೆ ಎಂದು ಹೇಳುವುದಕ್ಕೆ. ಮರಿಗಳು ದೂರ ಹೋಗುವುದಿಲ್ಲವಾದ್ದರಿಂದ ಮರಿ ಹೆಚ್ಚು ಬಿದ್ದ ಟ್ರ್ಯಾಪ್‌ನ ಪಕ್ಕದಲ್ಲೇ ಗೂಡು.

ದೊಡ್ಡಮ್ಮನ ಮನೆಯಲ್ಲಿ ಸಿಂಕ್ ಕೆಳಗಿನ ಟ್ರ್ಯಾಪ್‌ನಲ್ಲಿ 11, ಗ್ಯಾಸ್ ಒಲೆಯ ಹಿಂದೆ 6, ಅಕ್ಕಿ ಡಬ್ಬಿಗಳ ಕಪಾಟಿನಲ್ಲಿ 1 ಸಿಕ್ಕಿತು. ಫ್ರಿಜ್ ಹಿಂದಿನದರಲ್ಲಿ 23, ಅದರಲ್ಲಿ ಮುಕ್ಕಾಲು ಪಾಲು ಮರಿಗಳು. ಬಚ್ಚಲ ಬಾಗಿಲ ಪಕ್ಕದ್ದರಲ್ಲಿ ಸಣ್ಣದು ಒಂದೂ ಇಲ್ಲ, ಬದಲಿಗೆ ಎರಡು ದೊಡ್ಡವು. ಅಂದರೆ ಈ ಮನೆಯಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಬಚ್ಚಲಿನದಕ್ಕೆ ದಾರಿ ಮುಚ್ಚಬೇಕು, ಫ್ರಿಜ್‌ನದಕ್ಕೆ ಮದ್ದು ಬೇಕು. ದೊಡ್ಡಮ್ಮ ಸ್ಪ್ರೇ ಹೆಚ್ಚು ಹೊಡೆಯುತ್ತಿದ್ದದ್ದು ಒಂದೇ ಒಂದು ಸಿಕ್ಕಿದ ಅಕ್ಕಿ ಕಪಾಟಿಗೆ.

ಫ್ರಿಜ್ ಎಳೆದು ನೋಡಿದೆವು. ಕಂಪ್ರೆಸರ್‌ನ ಬಿಸಿ, ಅದರ ಮೇಲಿನ ತಟ್ಟೆಯಲ್ಲಿ ಸದಾ ನಿಂತ ನೀರು. ಫ್ರಿಜ್‌ನ ಅಡಿಗೆ ಇಟ್ಟ ಪ್ಲಾಸ್ಟಿಕ್ ಸ್ಟ್ಯಾಂಡ್ ಒಳಗೆ ಪೂರ್ತಿ ಟೊಳ್ಳು. ಅದನ್ನು ಮಗುಚಿದಾಗ ಮೂಲೆ ಮೂಲೆಯಲ್ಲಿ ಕಪ್ಪು ಹಿಕ್ಕೆಯ ಚುಕ್ಕೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು, ಬಿಟ್ಟುಹೋದ ಪೊರೆಗಳು, ಒಡೆದ ಮೊಟ್ಟೆಕೋಶಗಳು, ಮೂಗಿಗೆ ಬಡಿಯುವ ಕಮಟು ವಾಸನೆ. ಆ ಹಿಕ್ಕೆಯ ವಾಸನೆಯೇ ಬೇರೆ ಜಿರಳೆಗಳನ್ನು ಅಲ್ಲಿಗೆ ಕರೆದು ಕೂರಿಸುತ್ತದೆ. ಆದ್ದರಿಂದ ಅದನ್ನು ತಿಕ್ಕಿ ತೊಳೆಯುವುದು ಕೂಡ ಚಿಕಿತ್ಸೆಯ ಭಾಗವೇ.

ಗೂಡು ತೆರೆದಾಗ ಎದುರಿಗೆ ಸಿಕ್ಕಿದ್ದನ್ನು ಕೊಲ್ಲಲು ವಿಷ ಬೇಡ. ಒಂದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸ್ಪ್ರೇ ಬಾಟ್ಲಿಯಲ್ಲಿ ಇಟ್ಟುಕೊಳ್ಳಿ. ಮೈ ಪೂರ್ತಿ ನೆನೆದರೆ ಸಾಬೂನು ನೀರು ಅದರ ಉಸಿರಿನ ರಂಧ್ರಗಳಿಗೆ ಹೊಕ್ಕು ಬೇಗ ಸಾಯುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು, ಚೀಲವನ್ನು ಕೂಡಲೇ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಹೊರಗೆ ಹಾಕಿ. ಫ್ರಿಜ್, ಮಿಕ್ಸಿ ಹತ್ತಿರ ಕೆಲಸ ಮಾಡುವಾಗ ಮೊದಲು ಪ್ಲಗ್ ತೆಗೆದಿರಬೇಕು, ನೀರು ಮೋಟಾರಿಗೆ ಹೋಗಬಾರದು.

ಹಂತ 2: ನೀರು, ಜಿಡ್ಡು, ರಟ್ಟು

ಎಲ್ಲವನ್ನೂ ಥಳಥಳ ಮಾಡಬೇಕೆಂದಿಲ್ಲ. ಮನೆ ಕ್ಲೀನ್ ಇದ್ದರೆ ಜಿರಳೆ ಬರುವುದಿಲ್ಲ ಎನ್ನುವುದೂ ನಿಜವಲ್ಲ. ಆದರೆ ರಾತ್ರಿ ಮಲಗುವಾಗ ಅಡುಗೆಮನೆ ಒಣಗಿರಬೇಕು, ಬೇರೆ ತಿನ್ನಲು ಏನೂ ಇರಬಾರದು. ಮುಸುರೆ ಪಾತ್ರೆಯಲ್ಲಿ ಸಾರು, ಗಂಜಿ ಉಳಿದಿದ್ದರೆ ಜಿರಳೆ ನಿಮ್ಮ ಜೆಲ್ ಅನ್ನು ಏಕೆ ಮೂಸಿ ನೋಡಬೇಕು?

ನೀರಿನಿಂದ ಶುರು ಮಾಡಿ. ಆಹಾರ ಇಲ್ಲದೆ ನೀರಿನ ಮೇಲೆ ಜರ್ಮನ್ ಜಿರಳೆ ಒಂದು ತಿಂಗಳಿನಷ್ಟು ಬದುಕಬಲ್ಲದು, ನೀರೇ ಇಲ್ಲದಿದ್ದರೆ ಸುಮಾರು ಎರಡು ವಾರ. ಸಿಂಕ್ ಕೆಳಗಿನ ಕೊಳವೆಯ ಜೋಡಣೆಗೆ ಟಿಶ್ಯೂ ಸುತ್ತಿ ಬೆಳಿಗ್ಗೆ ನೋಡಿದರೆ ಹನಿ ಸೋರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಒದ್ದೆ ಪಾತ್ರೆ ಉಜ್ಜುವ ನಾರು, ಒಲೆ ಒರೆಸುವ ಬಟ್ಟೆ, ಕಡೆಯುವ ಗ್ರೈಂಡರಿನ ಅಡಿಯ ನೀರು, ಫ್ರಿಜ್‌ನ ತಟ್ಟೆ, ಇವೇ ಅವುಗಳ ಕೆರೆ. ಬಟ್ಟೆ, ನಾರನ್ನು ಹಿಂಡಿ ಬಚ್ಚಲ ಹೊರಗೆ ಒಣಗಲು ಹಾಕಿ, ಸಿಂಕ್ ಅನ್ನು ಒಣ ಬಟ್ಟೆಯಲ್ಲಿ ಒರೆಸಿ ಮಲಗಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವಾಗ ಪೂರ್ತಿ ಒಣಗಿಸುವುದು ನಮ್ಮ ಊರಲ್ಲಿ ಆಗದ ಮಾತು, ನಿಂತ ನೀರು ಇಲ್ಲದಿದ್ದರೆ ಸಾಕು.

ಜಿಡ್ಡಿನ ವಿಷಯದಲ್ಲಿ ಕಣ್ಣಿಗೆ ಬೀಳುವ ಜಾಗಕ್ಕಿಂತ ಬೀಳದ ಜಾಗ ಮುಖ್ಯ. ಗ್ಯಾಸ್ ಒಲೆಯನ್ನು ಎತ್ತಿ ಅಡಿ ಒರೆಸಿ. ಮಿಕ್ಸಿಯನ್ನು ಮಗುಚಿ ಅಡಿಯ ಗಾಳಿ ಕಿಂಡಿ ನೋಡಿ, ತೆಂಗಿನಕಾಯಿ ಮಸಾಲೆ ಸುರಿದು ಒಣಗಿದ್ದರೆ ಅದರೊಳಗೇ ಮರಿಗಳಿರಬಹುದು. ಗ್ರೈಂಡರಿನ ಕಲ್ಲಿನ ಬುಡದಲ್ಲಿ ಹಿಟ್ಟು, ಗೋಡೆಗೂ ಕಟ್ಟೆಗೂ ನಡುವಿನ ಸಂದಿಯಲ್ಲಿ ಒಗ್ಗರಣೆಯ ಎಣ್ಣೆ. ತಿಂಗಳಿಗೊಮ್ಮೆ ಇವನ್ನು ಬಿಸಿ ಸಾಬೂನು ನೀರಿನಲ್ಲಿ ತೊಳೆದರೆ ಸಾಕು. ದಿನವೂ ಆಗಬೇಕಾದ್ದು ಮೂರೇ: ಮುಸುರೆ ಇಡದಿರುವುದು, ಮೀನಿನ ಕಸ, ಹಸಿಕಸವನ್ನು ಮುಚ್ಚಳದ ಬಕೆಟ್‌ನಲ್ಲಿ ಇಟ್ಟು ಬೆಳಿಗ್ಗೆಯೇ ಹೊರಗೆ ಕಳಿಸುವುದು, ಕಟ್ಟೆ ಒರೆಸುವುದು.

ಇನ್ನು ರಟ್ಟಿನ ಪೆಟ್ಟಿಗೆ. ಅದರ ಅಲೆಅಲೆಯ ಪದರ ಜರ್ಮನ್ ಜಿರಳೆಗೆ ಹೇಳಿ ಮಾಡಿಸಿದ ಸಂದಿ. ಈ ಜಾತಿ ಚರಂಡಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಸಾಮಾನಿನ ಜೊತೆಗೇ ಬರುತ್ತದೆ. ಅಂಗಡಿಯ ರಟ್ಟಿನ ಪೆಟ್ಟಿಗೆ, ಈರುಳ್ಳಿ ಚೀಲ, ಸೆಕೆಂಡ್ ಹ್ಯಾಂಡ್ ಫ್ರಿಜ್, ಹಳೇ ಮಿಕ್ಸಿ ಯಾವುದಾದರೂ ಆಗಬಹುದು. ಸಾಮಾನು ಹೊರಗೇ ಬಿಚ್ಚಿ ಪೆಟ್ಟಿಗೆಯನ್ನು ಒಳಗೆ ತರಬೇಡಿ. ಅಟ್ಟದಲ್ಲಿ ಹಳೇ ಪೇಪರ್, ಪೆಟ್ಟಿಗೆ ಕೂಡಿಟ್ಟಿದ್ದರೆ ಇಳಿಸಿ. ಕುಚ್ಚಲಕ್ಕಿ, ಬೇಳೆಯನ್ನು ಗೋಣಿಯಿಂದ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಹಂತ 3: ದೊಡ್ಡದರ ದಾರಿ ಇವತ್ತೇ ಮುಚ್ಚಿ, ಸಣ್ಣದರ ಸಂದಿ ಆಮೇಲೆ

ಇಲ್ಲಿ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಚರಂಡಿಯ ದಾರಿಯನ್ನು ಮೊದಲ ದಿನವೇ ಮುಚ್ಚಬಹುದು. ಆದರೆ ಕಟ್ಟೆ, ಕಪಾಟು, ಗೋಡೆಯ ಸಂದಿಗಳಲ್ಲಿ ಜರ್ಮನ್ ಜಿರಳೆ ತುಂಬಿರುವಾಗಲೇ ಅವನ್ನು ಮುಚ್ಚಿದರೆ, ಗೋಡೆಯೊಳಗೆ ಬೇರೆ ದಾರಿ ಹುಡುಕಿ ಅವು ಇನ್ನೊಂದು ಕಡೆ ಹೊರಬರುತ್ತವೆ, ಜೆಲ್ ಇಡಲು ನಿಮಗೆ ಜಾಗವೂ ಉಳಿಯುವುದಿಲ್ಲ. ಆ ಸಂದಿಗಳಿಗೆ ಮೊದಲು ಜೆಲ್, ಎಣಿಕೆ ಇಳಿದ ಮೇಲೆ ಸೀಲೆಂಟ್.

ಬಚ್ಚಲು ಮತ್ತು ಸಿಂಕ್‌ನ ಕೊಳವೆಗಳಲ್ಲಿ ಬಾಗಿದ ಭಾಗವೊಂದು ಇರುತ್ತದೆ, ನೆಲದ್ದಕ್ಕೆ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ನಿಂತ ನೀರೇ ಚರಂಡಿಯ ವಾಸನೆಗೂ ಜಿರಳೆಗೂ ಬೀಗ. ಆ ನೀರು ಒಣಗಿದರೆ ಬಾಗಿಲು ತೆರೆದ ಹಾಗೆ. ಮುಂಬೈಯಲ್ಲೋ ಗಲ್ಫಿನಲ್ಲೋ ಇರುವವರು ಊರಿಗೆ ಬಂದು ಬೀಗ ತೆಗೆದಾಗ ಬಚ್ಚಲ ತುಂಬ ಜಿರಳೆ ಕಾಣುವುದು ಇದರಿಂದಲೇ. ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ಎರಡು ಚೊಂಬು ನೀರು ಹಾಕಿ. ಮನೆ ಬಿಟ್ಟು ಹೋಗುವುದಿದ್ದರೆ ನೀರಿನ ಮೇಲೆ ಎರಡು ಮೂರು ಚಮಚ ಅಡುಗೆ ಎಣ್ಣೆ ಬಿಡಿ, ಆರುವುದು ನಿಧಾನವಾಗುತ್ತದೆ.

ದೊಡ್ಡಮ್ಮನ ಮನೆಯಲ್ಲಿ ನಹಾನಿ ಟ್ರ್ಯಾಪ್‌ನಲ್ಲಿ ನೀರಿತ್ತು, ದೋಷ ಬೇರೆ ಕಡೆ ಇತ್ತು. ವಾಷ್ ಬೇಸಿನ್‌ನ ಮಡಚುವ ಪ್ಲಾಸ್ಟಿಕ್ ಕೊಳವೆಯನ್ನು ನೆಲದ ದಪ್ಪ ಪೈಪಿನೊಳಗೆ ಸುಮ್ಮನೆ ತೂರಿಸಿ ಬಿಟ್ಟಿದ್ದರು. ಎರಡರ ನಡುವೆ ಕೈಬೆರಳು ಹೋಗುವಷ್ಟು ಜಾಗ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಸರಿಯಾದ ಅಳತೆಯ ರಬ್ಬರ್ ಬುಷ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಕೊಳವೆಗೆ ತೊಡಿಸಿ ಪೈಪಿನ ಬಾಯಿಗೆ ಒತ್ತಿದರೆ ಮುಗಿಯಿತು. ಸುತ್ತ ಉಳಿದ ಸಂದಿಗೆ ಸಿಲಿಕಾನ್ ಸೀಲೆಂಟ್. ಬಟ್ಟೆ ತುರುಕಬೇಡಿ, ಅದು ಒದ್ದೆಯಾಗಿ ಅದೇ ಒಂದು ಗೂಡಾಗುತ್ತದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಬಚ್ಚಲ ನೆಲದ ಕಿಂಡಿಗೆ ಸಣ್ಣ ತೂತಿನ ಸ್ಟೀಲ್ ಜಾಲಿ, ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆಯ ತುದಿಗೆ ಸೊಳ್ಳೆ ಬಲೆ ಕಟ್ಟಿ ಬಿಗಿ ತಂತಿ, ಚೇಂಬರ್ ಮುಚ್ಚಳ ಒಡೆದಿದ್ದರೆ ಸಿಮೆಂಟ್, ಹಿಂಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ. ಗೆರಟೆ, ಸೌದೆ, ಮಡಲಿನ ರಾಶಿಯನ್ನು ಹಿಂಬಾಗಿಲ ಪಕ್ಕದಿಂದ ದೂರ ಸರಿಸಿ.

ದೊಡ್ಡ ಜಿರಳೆಗೆ ನಮ್ಮ ಮನೆಯಲ್ಲೇ ವೈರಿಗಳಿವೆ. ಕಿಟಕಿಯ ಹತ್ತಿರ ಹೊಟ್ಟೆಯನ್ನು ಬಾವುಟದ ಹಾಗೆ ಮೇಲೆ ಕೆಳಗೆ ಆಡಿಸುವ ಸಣ್ಣ ಕಪ್ಪು ಕಣಜವೊಂದು ಕಾಣುತ್ತದಲ್ಲ, ಅದು ಜಿರಳೆಯ ಮೊಟ್ಟೆಕೋಶದೊಳಗೆ ತನ್ನ ಮೊಟ್ಟೆ ಇಡುತ್ತದೆ, ಅದರ ಮರಿ ಆ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಮನುಷ್ಯರಿಗೆ ತೊಂದರೆ ಮಾಡುವುದಿಲ್ಲ. ಗೋಡೆಯ ದೊಡ್ಡ ಜೇಡ, ಹಲ್ಲಿ ಕೂಡ ಜಿರಳೆ ಹಿಡಿಯುತ್ತವೆ. ಸ್ಪ್ರೇ ಹೊಡೆದಾಗ ಇವೂ ಸಾಯಬಹುದು. ಆದರೆ ಇವುಗಳನ್ನೇ ನಂಬಿ ಕೂರಬೇಡಿ, ಸಂದಿಯೊಳಗಿನ ಜರ್ಮನ್ ಜಿರಳೆಯ ಮೇಲೆ ಇವುಗಳ ಕೈ ನಡೆಯುವುದಿಲ್ಲ.

ಹಂತ 4: ಜೆಲ್

ಜರ್ಮನ್ ಜಿರಳೆಗೆ ಮನೆಯಲ್ಲಿ ಬಳಸಲು ನಾನು ಹೇಳುವುದು ಜೆಲ್ ಒಂದನ್ನೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಫಿಪ್ರೋನಿಲ್ 0.05% ಅಥವಾ ಇಮಿಡಾಕ್ಲೋಪ್ರಿಡ್ 2.15%, ಸಿರಿಂಜ್‌ನಲ್ಲಿ ಬರುತ್ತದೆ. ಲೇಬಲ್ ಮೇಲೆ ಮದ್ದಿನ ಹೆಸರು, ನೋಂದಣಿ ಸಂಖ್ಯೆ, ಅವಧಿ, ವಿಷದ ತೀವ್ರತೆ ಹೇಳುವ ಬಣ್ಣದ ತ್ರಿಕೋನ ಇರಬೇಕು. ಕೆಂಪು ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಹೆಸರಿಲ್ಲದ ಬಾಟ್ಲಿಯಲ್ಲಿ ಬರುವ ಮದ್ದು ಎಷ್ಟೇ ಅಗ್ಗವಿದ್ದರೂ ಅಡುಗೆಮನೆಗೆ ತರಬೇಡಿ.

ಜೆಲ್ ತಿಂದ ಜಿರಳೆ ಅಲ್ಲೇ ಬೀಳುವುದಿಲ್ಲ, ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನು, ಹೆಣವನ್ನು ತಿನ್ನುವ ಮರಿಗಳಿಗೂ ಮದ್ದು ಸೇರುತ್ತದೆ. ಹೊರಗೆ ಬಾರದ ಮರಿಗಳನ್ನು ಮುಟ್ಟಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇಡುವುದು ಹೀಗೆ. ಕೈಗವಸು ಹಾಕಿ. ಹೆಸರುಕಾಳಿನ ಗಾತ್ರದ ಚುಕ್ಕೆ ಸಾಕು, ಉದ್ದಕ್ಕೆ ಎಳೆಯಬೇಡಿ. ಒಂದೇ ಕಡೆ ದೊಡ್ಡ ಮುದ್ದೆ ಇಡುವುದಕ್ಕಿಂತ ಹಲವು ಕಡೆ ಸಣ್ಣ ಚುಕ್ಕೆ ಇಡುವುದು ಮೇಲು, ಏಕೆಂದರೆ ಮರಿ ದೂರ ನಡೆಯುವುದಿಲ್ಲ. ಒಟ್ಟು ಎಷ್ಟು ಎಂಬುದನ್ನು ಲೇಬಲ್ ಹೇಳುತ್ತದೆ, ಅದನ್ನು ಮೀರಬೇಡಿ. ಚುಕ್ಕೆಗಳನ್ನು ಸಮನಾಗಿ ಹಂಚಲೂ ಬೇಡಿ, ಟ್ರ್ಯಾಪ್ ಎಣಿಕೆ ಹೇಳಿದ ಹಾಗೆ ಹಂಚಿ. ದೊಡ್ಡಮ್ಮನ ಮನೆಯಲ್ಲಿ ಅರ್ಧಕ್ಕೂ ಹೆಚ್ಚು ಫ್ರಿಜ್ ಸುತ್ತಲೇ ಹೋಯಿತು: ತೊಳೆದು ಒಣಗಿಸಿದ ಸ್ಟ್ಯಾಂಡಿನ ಒಳಮೂಲೆಗಳು, ಕಂಪ್ರೆಸರ್ ಪಕ್ಕದ ತಗಡಿನ ಅಂಚು, ಹಿಂದಿನ ಗೋಡೆಯ ಬಿರುಕು. ಉಳಿದದ್ದು ಸಿಂಕ್ ಕೆಳಗೆ ಕೊಳವೆ ಗೋಡೆ ಹೊಗುವಲ್ಲಿ, ಕಪಾಟಿನ ಬಾಗಿಲ ಹಿಂಜಿನ ಒಳಗೆ, ಒಲೆಯ ಹಿಂದಿನ ಟೈಲ್ಸ್ ಬಿರಿದ ಕಡೆ. ಅಕ್ಕಿ ಕಪಾಟಿಗೆ ಒಂದೂ ಇಡಲಿಲ್ಲ. ಬಚ್ಚಲಿಗೂ ಇಲ್ಲ.

ಒಲೆಯ ಬಿಸಿ ತಾಗುವಲ್ಲಿ ಜೆಲ್ ಬೇಗ ಗಟ್ಟಿಯಾಗುತ್ತದೆ, ನೀರು ಸಿಡಿಯುವಲ್ಲಿ ಕರಗಿ ಹೋಗುತ್ತದೆ. ಇರುವೆ ಸಾಲಿದ್ದರೆ ಮೊದಲು ಆ ಸಾಲನ್ನು ಸಾಬೂನು ನೀರಿನಲ್ಲಿ ಒರೆಸಿ, ಇಲ್ಲವಾದರೆ ಜೆಲ್ ಇರುವೆಯ ಪಾಲು. ಅಡುಗೆ ಕಟ್ಟೆಯ ಮೇಲೆ, ಪಾತ್ರೆ ಇಡುವ ಜಾಗದಲ್ಲಿ, ಮಕ್ಕಳ ಕೈ, ಬೆಕ್ಕಿನ ಬಾಯಿ ಎಟುಕುವಲ್ಲಿ ಇಡಬಾರದು. ಮಗು ಬಾಯಿಗೆ ಹಾಕಿಕೊಂಡರೆ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಿ.

ಬೋರಿಕ್ ಆಸಿಡ್ ಬಗ್ಗೆ ಹಲವರು ಕೇಳುತ್ತಾರೆ. ಒಣ ಜಾಗದಲ್ಲಿ, ಕಣ್ಣಿಗೆ ಕಾಣದಷ್ಟು ತೆಳ್ಳಗೆ ಉದುರಿಸಿದರೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೇವಕ್ಕೆ ಅದು ಗಟ್ಟಿಯಾಗಿ ಜಿರಳೆಯ ಕಾಲಿಗೆ ಅಂಟುವುದಿಲ್ಲ. ಸಕ್ಕರೆ, ಹಿಟ್ಟು ಸೇರಿಸಿ ಉಂಡೆ ಮಾಡಿ ಇಡುವುದು ಮಕ್ಕಳಿರುವ ಮನೆಯಲ್ಲಿ ಅಪಾಯ, ಅದು ಅವರ ಕಣ್ಣಿಗೆ ತಿಂಡಿಯ ಹಾಗೇ ಕಾಣುತ್ತದೆ.

ಹಂತ 5: ಮತ್ತೆ ಎಣಿಸಿ

ಹೊಸ ಟ್ರ್ಯಾಪ್‌ಗಳನ್ನು ಅದೇ ಜಾಗಗಳಲ್ಲಿ ಇಟ್ಟು, ಎರಡು ವಾರಕ್ಕೊಮ್ಮೆ ಮೂರು ರಾತ್ರಿಯ ಎಣಿಕೆ ತೆಗೆಯಿರಿ. ಕುಂಜಿಬೆಟ್ಟಿನ ಮನೆಯಲ್ಲಿ ಎರಡನೇ ವಾರ ಫ್ರಿಜ್ ಹಿಂದೆ 23 ಇದ್ದದ್ದು 5ಕ್ಕೆ, ಸಿಂಕ್ ಕೆಳಗೆ 2ಕ್ಕೆ ಇಳಿಯಿತು. ಹಗಲಿನಲ್ಲೂ ಒಂದೆರಡು ಓಲಾಡುತ್ತ ಹೊರಬಂದು ಬಿದ್ದವು, ಅದು ಮದ್ದು ತಾಗಿದ ಲಕ್ಷಣ, ಗಾಬರಿಯಾಗಿ ಸ್ಪ್ರೇ ಹುಡುಕಬೇಡಿ. ನಾಲ್ಕನೇ ವಾರ ಸಿಂಕ್ ಕೆಳಗೆ ಸೊನ್ನೆ, ಫ್ರಿಜ್ ಹಿಂದೆ 4, ನಾಲ್ಕೂ ತೀರಾ ಸಣ್ಣ ಮರಿಗಳು. ಬೆಳೆದದ್ದು ಒಂದೂ ಇಲ್ಲದೆ ಬರೀ ಸಣ್ಣ ಮರಿ ಸಿಕ್ಕರೆ, ಮದ್ದು ಸೋತದ್ದಲ್ಲ, ಉಳಿದ ಕೋಶಗಳು ಒಡೆದದ್ದು. ಹಳೇ ಚುಕ್ಕೆಗಳು ಒಣಗಿದ್ದವು, ಅವನ್ನು ಕೆರೆದು ತೆಗೆದು ಫ್ರಿಜ್ ಸುತ್ತ ಮಾತ್ರ ಹೊಸದಾಗಿ ಇಟ್ಟೆವು. ಎಂಟನೇ ವಾರದ ಎಣಿಕೆಯಲ್ಲಿ ಎಲ್ಲ ಟ್ರ್ಯಾಪ್ ಖಾಲಿ. ಆಗ ಗೋಡೆಯ ಬಿರುಕಿಗೆ ವೈಟ್ ಸಿಮೆಂಟ್, ಕಟ್ಟೆಯ ಸಂದಿಗೆ ಸಿಲಿಕಾನ್ ಹಾಕಿ, ಟೊಳ್ಳು ಸ್ಟ್ಯಾಂಡ್ ತೆಗೆದು ಕಬ್ಬಿಣದ ಚೌಕಟ್ಟಿನ ಸ್ಟ್ಯಾಂಡ್ ತಂದೆವು.

ಎಣಿಕೆ ಇಳಿಯದಿದ್ದರೆ ಜೆಲ್ ಚುಕ್ಕೆಯನ್ನೇ ನೋಡಿ. ಮುಟ್ಟದೆ ಹಾಗೇ ಉಳಿದಿದೆಯೇ? ಗಟ್ಟಿಯಾಗಿರಬಹುದು, ಪಕ್ಕದಲ್ಲಿ ಸ್ಪ್ರೇಯ ಅಂಶ ಇರಬಹುದು, ಜಿರಳೆಗೆ ಬೇರೆ ಊಟ ಸಿಗುತ್ತಿರಬಹುದು. ಇದ್ಯಾವುದೂ ಅಲ್ಲದಿದ್ದರೆ ಜೆಲ್ ಬದಲಿಸಿ. ಜೆಲ್‌ನಲ್ಲಿರುವ ಗ್ಲೂಕೋಸ್ ಸಿಹಿಯನ್ನೇ ತಿರಸ್ಕರಿಸುವ ಜರ್ಮನ್ ಜಿರಳೆಗಳು ಇರುವುದು ಗೊತ್ತಾಗಿರುವ ಸಂಗತಿ. ಅಂಥವಕ್ಕೆ ಅದೇ ಜೆಲ್ ಹೆಚ್ಚು ಇಟ್ಟು ಪ್ರಯೋಜನವಿಲ್ಲ, ಬೇರೆ ಮದ್ದಿನ, ಬೇರೆ ಕಂಪನಿಯ ಜೆಲ್ ಬೇಕು. ಚುಕ್ಕೆ ಪೂರ್ತಿ ಖಾಲಿಯಾಗಿದ್ದೂ ಜಿರಳೆ ಇದೆಯೆಂದರೆ ಪ್ರಮಾಣ ಸಾಲಲಿಲ್ಲ, ಅದೇ ಜಾಗಕ್ಕೆ ಮತ್ತೆ ಇಡಿ.

ಎರಡೂ ಸರಿಯಿದ್ದು, ಒಂದು ಟ್ರ್ಯಾಪ್‌ನಲ್ಲಿ ಮಾತ್ರ ಬೆಳೆದ ಜಿರಳೆಗಳು ಬೀಳುತ್ತಲೇ ಇದ್ದರೆ, ಮರಿಗಳೇ ಇಲ್ಲದಿದ್ದರೆ, ಗೂಡು ನಿಮ್ಮ ಮನೆಯಲ್ಲಿಲ್ಲ. ಲೈನ್ ಮನೆಗಳಲ್ಲಿ, ಫ್ಲಾಟ್‌ಗಳಲ್ಲಿ ಒಂದೇ ಗೋಡೆಯ ಪೈಪಿನ ತೂತು, ವೈರಿನ ಕೊಳವೆಯಿಂದ ಅವು ಆಚೀಚೆ ಓಡಾಡುತ್ತವೆ. ಆ ಟ್ರ್ಯಾಪ್ ಇರುವ ಗೋಡೆಯ ಆಚೆ ಪಕ್ಕದವರ ಅಡುಗೆಮನೆ ಇದೆಯೇ ನೋಡಿ, ಅವರಲ್ಲಿ ಮಾತಾಡಿ, ಎರಡೂ ಮನೆಯಲ್ಲಿ ಒಂದೇ ವಾರ ಟ್ರ್ಯಾಪ್, ಜೆಲ್ ಇಡಿ. ಅವರು ಸ್ಪ್ರೇ ಹೊಡೆದರೆ ಓಡಿಬರುವುದು ನಿಮ್ಮ ಕಡೆಗೇ ಎಂಬುದನ್ನೂ ತಿಳಿಸಿ. ಪೈಪಿನ ಸುತ್ತಲಿನ ತೂತನ್ನು ಎರಡೂ ಕಡೆಯಿಂದ ಮುಚ್ಚಿ. ಆಮೇಲೆ ಫ್ರಿಜ್ ಹಿಂದೆ ಒಂದು, ಸಿಂಕ್ ಕೆಳಗೆ ಒಂದು ಟ್ರ್ಯಾಪ್ ವರ್ಷವಿಡೀ ಇರಲಿ, ತಿಂಗಳಿಗೊಮ್ಮೆ ನೋಡಿ, ಧೂಳು ಹಿಡಿದಾಗ ಬದಲಿಸಿ. ಬೆನ್ನಲ್ಲಿ ತಿಳಿ ಪಟ್ಟೆ ಇರುವ ಒಂದು ಮರಿ ಸಿಕ್ಕಿದ ದಿನ ಆ ಟ್ರ್ಯಾಪ್‌ನ ಸುತ್ತಲಿನ ಸಂದಿಗಳಿಗೆ ಮಾತ್ರ ನಾಲ್ಕೈದು ಚುಕ್ಕೆ ಇಟ್ಟು ಎರಡು ವಾರ ಕಾದು ಮತ್ತೆ ಎಣಿಸಿ.